ಅಂಕಪಟ್ಟಿಯ ಸ್ಕ್ಯಾನ್ ಪ್ರತಿಯಲ್ಲಿ ಒಂದೇ ಒಂದು ಅಕ್ಷರ ತಿದ್ದಲು ಒಪ್ಪುತ್ತಿಲ್ಲ, ಏಕೆ?

ಕೆರೆಕೋಡಿ
ತಮ್ಮನಿಗೆ ಹೊಸ ಕೆಲಸ ಸಿಕ್ಕಿದೆ. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪನಿಯ ಜಾಲತಾಣಕ್ಕೆ ಏರಿಸಬೇಕು, ಎಲ್ಲದರಲ್ಲೂ ಹೆಸರು ಒಂದೇ ರೀತಿ ಇರಬೇಕು ಎಂದಿದ್ದಾರೆ. ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ `CHANDRASHEKARA S` ಎಂದಿದೆ, ಆಧಾರ್‌ನಲ್ಲಿ `Chandrashekar S` ಎಂದಿದೆ. ಕೊನೆಯ ಒಂದು `A` ಮಾತ್ರ ಹೆಚ್ಚು. ಅಂಕಪಟ್ಟಿಯ ಚಿತ್ರವನ್ನು ಒಂದು ಎಐ ಚಿತ್ರ ತಿದ್ದುವ ತಾಣಕ್ಕೆ ಕೊಟ್ಟು ಆ ಅಕ್ಷರ ಅಳಿಸು ಎಂದೆ. ಗುರುತಿನ ದಾಖಲೆ ಅಥವಾ ಪ್ರಮಾಣಪತ್ರಗಳಲ್ಲಿನ ಬರಹವನ್ನು ಬದಲಿಸಲು ಆಗುವುದಿಲ್ಲ ಎಂಬ ಉತ್ತರ ಬಂತು. ಇನ್ನೊಂದು ತಾಣದಲ್ಲಿಯೂ ಅದೇ ಕಥೆ. ಅಂಕ ಬದಲಿಸಿ ಎಂದು ನಾನು ಕೇಳಲಿಲ್ಲ, ಹುಟ್ಟಿದ ದಿನ ಮುಟ್ಟಲಿಲ್ಲ. ಅವನ ಹೆಸರು, ಅವನ ಅಂಕಪಟ್ಟಿ. ನಮ್ಮನ್ನು ಕಳ್ಳರಂತೆ ನೋಡುವುದು ಏಕೆ?

ಅಂಚೆಪೆಟ್ಟಿಗೆ
ಕಡತಕ್ಕೆ ಪಾಸ್‌ವರ್ಡ್ ಇರಬಹುದು, ಅದಕ್ಕೇ ತಿದ್ದಲು ಬಿಡುತ್ತಿಲ್ಲ. ಜಾಲತಾಣದಿಂದ ಇಳಿಸಿಕೊಂಡ ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರಗಳು ಮತ್ತು ಹುಟ್ಟಿದ ವರ್ಷವೇ ಪಾಸ್‌ವರ್ಡ್. ನಿಮ್ಮ ತಮ್ಮ 1999ರಲ್ಲಿ ಹುಟ್ಟಿದ್ದರೆ `CHAN1999` ಹಾಕಿ ನೋಡಿ, ತೆರೆದುಕೊಳ್ಳುತ್ತದೆ.

ಕೆರೆಕೋಡಿ
ಧನ್ಯವಾದ, ಆದರೆ ನನ್ನ ತೊಂದರೆ ಅದಲ್ಲ. ಇದು ಫೋನಿನಲ್ಲಿ ತೆಗೆದ ಚಿತ್ರ. ತೆರೆಯುತ್ತದೆ, ಕಾಣಿಸುತ್ತದೆ, ತಿದ್ದುವುದಿಲ್ಲ.

ಅರ್ಧಚಂದ್ರ
ಇದರ ಗುಟ್ಟು ನನಗೆ ಗೊತ್ತು. ನೋಟನ್ನು ಕಲರ್ ಜೆರಾಕ್ಸ್ ಮಾಡಲು ಹೋದರೆ ಎಷ್ಟೋ ಯಂತ್ರಗಳು ನಿಂತುಬಿಡುತ್ತವೆ. ಎಷ್ಟೋ ದೇಶಗಳ ನೋಟುಗಳ ಮೇಲೆ ಸಣ್ಣ ಸಣ್ಣ ಉಂಗುರಗಳ ಒಂದು ವಿನ್ಯಾಸವಿರುತ್ತದೆ, ಯಂತ್ರ ಅದನ್ನು ಗುರುತಿಸುತ್ತದೆ. ಫೋಟೋಶಾಪ್ ಕೂಡ 2004ರ ಸುಮಾರಿನಿಂದಲೇ ನೋಟಿನ ಚಿತ್ರವನ್ನು ತೆರೆಯಲು ನಿರಾಕರಿಸುತ್ತಿತ್ತು. ಅಂಕಪಟ್ಟಿ, ಆಧಾರ್ ಎಲ್ಲದರಲ್ಲೂ ಸರ್ಕಾರ ಅಂಥದ್ದೇ ಗುಪ್ತ ಗುರುತು ಇಟ್ಟಿದೆ. ಗುರುತು ಇರುವ ಜಾಗವನ್ನು ಕತ್ತರಿಸಿ ಕೊಟ್ಟರೆ ಕೆಲಸ ಆಗುತ್ತದೆ.

ಪರಿಶೀಲಕಿ
ನೋಟಿನ ವಿಷಯದಲ್ಲಿ ಅರ್ಧಚಂದ್ರ ಅವರು ಹೇಳಿದ್ದು ಸರಿ, ಅಂಕಪಟ್ಟಿಯ ವಿಷಯದಲ್ಲಿ ಅಲ್ಲ. ನಾನು ಎಂಟು ವರ್ಷ ಕಂಪನಿಗಳಿಗೆ ಹೊಸದಾಗಿ ಸೇರುವವರ ದಾಖಲೆ ಪರಿಶೀಲಿಸುವ ಕೆಲಸದಲ್ಲಿದ್ದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೋಟುಗಳನ್ನು ಅಚ್ಚು ಹಾಕಿಸುವವರು ಕೆಲವೇ ಕೇಂದ್ರ ಬ್ಯಾಂಕುಗಳು. ಅವರೆಲ್ಲ ಸೇರಿ ಒಂದೇ ಗುರುತಿಗೆ ಒಪ್ಪಿಕೊಳ್ಳುವುದು ಸಾಧ್ಯವಾಯಿತು. ಅಂಕಪಟ್ಟಿ ಕೊಡುವವರು ಎಷ್ಟು ಮಂದಿ ಲೆಕ್ಕ ಹಾಕಿ. ಪ್ರತಿ ರಾಜ್ಯದ ಮಂಡಳಿ, ಪ್ರತಿ ವಿಶ್ವವಿದ್ಯಾಲಯ, ಪ್ರತಿ ಐಟಿಐ. ಇವರೆಲ್ಲರ ಕಾಗದದಲ್ಲಿ ಒಂದೇ ಗುಪ್ತ ಗುರುತು ಇಲ್ಲ. ಎಐ ತಾಣಗಳು ಕಣ್ಣಿಗೆ ಕಾಣುವುದನ್ನೇ ನೋಡಿ ಊಹಿಸುತ್ತವೆ. ಲಾಂಛನ, ಮೂಲೆಯಲ್ಲಿ ಫೋಟೋ, ನೋಂದಣಿ ಸಂಖ್ಯೆ, ಸಹಿ, ಮುದ್ರೆ ಇವೆಲ್ಲ ಸೇರಿದ್ದರೆ ಇದು ದಾಖಲೆ ಎಂದುಕೊಳ್ಳುತ್ತವೆ. ಜೊತೆಗೆ ನೀವು ಏನು ಕೇಳಿದಿರಿ ಎಂಬುದನ್ನೂ ನೋಡುತ್ತವೆ. ಓರೆಯಾಗಿದೆ, ನೇರ ಮಾಡು ಎಂದರೆ ಸಾಮಾನ್ಯವಾಗಿ ಮಾಡುತ್ತವೆ. ಹೆಸರು ಬದಲಿಸು ಎಂದರೆ ನಿಲ್ಲುತ್ತವೆ.

ಇನ್ನು ಕೆರೆಕೋಡಿ ಅವರ ನಿಜವಾದ ಪ್ರಶ್ನೆ. ನಿಮ್ಮ ತಮ್ಮನ ಹೆಸರು ನಿಮಗೆ ಗೊತ್ತು, ಆ ತಾಣಕ್ಕೆ ಗೊತ್ತಿಲ್ಲ. "ಇದು ನನ್ನದೇ, ಸಣ್ಣ ತಪ್ಪು ಅಷ್ಟೇ" ಎಂದು ನೀವು ಬರೆದ ವಾಕ್ಯವನ್ನೇ ಬೇರೆಯವರ ಅಂಕಪಟ್ಟಿ ಇಟ್ಟುಕೊಂಡವನೂ ಬರೆಯುತ್ತಾನೆ. ಆ ಕಡೆಯಿಂದ ನೋಡಿದರೆ ಇಬ್ಬರೂ ಒಂದೇ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಹೊಸ ಚಿತ್ರ ಸೌಲಭ್ಯದಿಂದ ಜನ ಆಧಾರ್, ಪ್ಯಾನ್ ಕಾರ್ಡ್‌ಗಳಂತೆ ಕಾಣುವ ಚಿತ್ರಗಳನ್ನು ತಯಾರಿಸಿ ಸಾಮಾಜಿಕ ಜಾಲತಾಣಗಳಲ್ಲಿ ಹಾಕಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೂ ಮೊದಲು ಇಂಥ ಕೆಲಸಕ್ಕೆ ಕೈಚಳಕ ಇರುವವನೊಬ್ಬ ಬೇಕಿತ್ತು, ಅವನಿಗೆ ಒಂದು ಗಂಟೆ ಬೇಕಿತ್ತು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಸ್ಕ್ಯಾನ್ ಪ್ರತಿ "ನನ್ನ ಹೆಸರು ಇದು" ಎಂದು ಹೇಳುವುದಿಲ್ಲ, "ಮಂಡಳಿ ನನಗೆ ಕೊಟ್ಟ ಕಾಗದದಲ್ಲಿ ಹೀಗೆ ಬರೆದಿದೆ" ಎಂದು ಹೇಳುತ್ತದೆ. ಮಂಡಳಿ ಬರೆದದ್ದೇ ತಪ್ಪಾಗಿದ್ದರೂ ಆ ತಪ್ಪು ಪ್ರತಿಯಲ್ಲಿ ಕಾಣಬೇಕು. ನೀವು ಸರಿಯಾದ ಹೆಸರನ್ನೇ ಕೂರಿಸಿದರೂ ಮಂಡಳಿ ಬರೆಯದ್ದನ್ನು ಮಂಡಳಿಯ ಬಾಯಿಗೆ ಹಾಕಿದಂತಾಯಿತು.

ಜೆರಾಕ್ಸ್ ಅಂಗಡಿ
ತಾಲ್ಲೂಕು ಕಚೇರಿ ಎದುರು ಹದಿನಾರು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ವಾರಕ್ಕೆ ಒಬ್ಬರಾದರೂ ಬಂದು ಇದೇ ಕೇಳುತ್ತಾರೆ: "ಒಂದು ಅಕ್ಷರ ಸಾರ್, ಮೊನ್ನೆ ಆ ಕಡೆ ಅಂಗಡಿಯವನು ಮಾಡಿಕೊಟ್ಟ." ನಾನು ಮಾಡುವುದಿಲ್ಲ. ಧರ್ಮಾತ್ಮ ಎಂದಲ್ಲ, ನಾಳೆ ಪೊಲೀಸರು ಬಂದರೆ ಮೊದಲು ಹೊತ್ತುಕೊಂಡು ಹೋಗುವುದು ನನ್ನ ಕಂಪ್ಯೂಟರನ್ನು. ಆದರೆ ಒಂದು ಅನುಮಾನ ಇದೆ. ಜಾಲತಾಣಗಳಲ್ಲಿ 200 ಕೆಬಿಯೊಳಗೆ ಇರಬೇಕು, ಹಿಂದೆ ಮುಂದೆ ಎರಡೂ ಪುಟ ಒಂದೇ ಕಡತದಲ್ಲಿರಬೇಕು ಎನ್ನುತ್ತಾರೆ. ಅದಕ್ಕೆ ಗಾತ್ರ ಇಳಿಸುತ್ತೇವೆ, ಜೋಡಿಸುತ್ತೇವೆ, ಮಸುಕಾಗಿದ್ದರೆ ಕಪ್ಪು ಹೆಚ್ಚಿಸುತ್ತೇವೆ. ಇದೂ ತಿದ್ದುವುದೇ ಅಲ್ಲವೇ? ಹೀಗೆ ಜೋಡಿಸಿಕೊಟ್ಟ ಇ-ಆಧಾರ್ ಒಂದನ್ನು ಒಂದು ಕಡೆ "ಸಹಿ ಅಮಾನ್ಯ" ಎಂದು ವಾಪಸು ಕಳಿಸಿದರು. ಗಿರಾಕಿ ನನ್ನ ಮೇಲೆ ಕೂಗಾಡಿದ.

ಪರಿಶೀಲಕಿ
ಗಾತ್ರ, ಓರೆ, ಬೆಳಕು, ಇವು ಬರಹದ ಅರ್ಥ ಬದಲಿಸುವುದಿಲ್ಲ, ಹಾಗಾಗಿ ಅದರಲ್ಲಿ ಮೋಸದ ಪ್ರಶ್ನೆ ಇಲ್ಲ. ಆದರೆ ಇ-ಆಧಾರ್ ಕಡತದ ಕಥೆ ಬೇರೆ. ಅದರೊಳಗೆ ಪ್ರಾಧಿಕಾರದ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಇಡೀ ಕಡತಕ್ಕೆ ಹಾಕಿದ ಅರಗಿನ ಮುದ್ರೆ ಇದ್ದ ಹಾಗೆ. ನೀವು ಗಾತ್ರ ಇಳಿಸಿದರೂ, ಎರಡು ಪುಟ ಜೋಡಿಸಿದರೂ ಅದು ಬೇರೆಯೇ ಕಡತವಾಗುತ್ತದೆ, ಮುದ್ರೆ ಒಡೆಯುತ್ತದೆ. ಮುದ್ರೆ ಒಡೆದದ್ದು ಯಾರಿಂದ, ಏಕೆ ಎಂದು ತಂತ್ರಾಂಶ ಹೇಳುವುದಿಲ್ಲ. ಸಹಿ ಇರುವ ಕಡತಗಳನ್ನು ಇಳಿಸಿಕೊಂಡ ಹಾಗೆಯೇ ಕೊಡಿ, ಜೋಡಿಸಬೇಡಿ.

ಅರ್ಧಚಂದ್ರ
ನನ್ನ ಇ-ಆಧಾರ್‌ನಲ್ಲಿ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ನಾನು ಏನೂ ತಿದ್ದಿಲ್ಲ. ಹಾಗಾದರೆ ಸರ್ಕಾರವೇ ನನಗೆ ನಕಲಿ ಕೊಟ್ಟಿದೆಯೇ?

ಪರಿಶೀಲಕಿ
ಇಲ್ಲ. ಪ್ರಶ್ನಾರ್ಥಕ ಎಂದರೆ ಸಹಿ ಹಾಕಿದವರನ್ನು ನಿಮ್ಮ ಕಂಪ್ಯೂಟರ್‌ಗೆ ಇನ್ನೂ ಪರಿಚಯಿಸಿಲ್ಲ ಎಂದು. ಸಹಿಯ ಮೇಲೆ ಒತ್ತಿ, ಆ ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಕಡತ ಬದಲಾಗಿದ್ದರೆ ಬರುವುದು ಬೇರೆಯೇ ಎಚ್ಚರಿಕೆ. ಮೊಬೈಲಿನಲ್ಲಿ ಇದೆಲ್ಲ ಕಾಣಿಸದೇ ಇರಬಹುದು.

ಗಣಪತಿ ಸಮಿತಿ
ನನ್ನದು ಬೇರೆ ಗೋಳು. ನಮ್ಮ ಬೀದಿಯ ಗಣೇಶೋತ್ಸವದಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆ ಇಟ್ಟಿದ್ದೆವು. ಮೂವತ್ತು ಮಕ್ಕಳಿಗೆ ಪ್ರಶಸ್ತಿ ಪತ್ರ. ಒಂದನ್ನು ಮುದ್ರಿಸಿ, ಅಧ್ಯಕ್ಷರ ಸಹಿ ಮಾಡಿಸಿ, ಮೊಹರು ಹಾಕಿ, ಸ್ಕ್ಯಾನ್ ಮಾಡಿ, ಉಳಿದ ಇಪ್ಪತ್ತೊಂಬತ್ತಕ್ಕೆ ಹೆಸರು ಬದಲಿಸಿಕೊಡು ಎಂದರೆ ಆಗುವುದಿಲ್ಲವಂತೆ! ಎರಡನೇ ತರಗತಿ ಮಗು ಆನೆ ಬರೆದದ್ದಕ್ಕೆ ಕೊಡುವ ಪತ್ರದಲ್ಲಿ ಖೋಟಾ ಏನು ಬಂತು? ಸಮಿತಿ ನಮ್ಮದು, ಪತ್ರ ನಮ್ಮದು, ಮೊಹರು ನಮ್ಮದು.

ಪರಿಶೀಲಕಿ
ನಿಮ್ಮ ವಿಷಯದಲ್ಲಿ ತಾಣ ಮಾಡಿದ್ದು ತಪ್ಪು ಊಹೆಯೇ, ಒಪ್ಪುತ್ತೇನೆ. ಪತ್ರ ಕೊಡುವವರೇ ನೀವು. ಆದರೆ ನೀವು ಕೊಟ್ಟ ಚಿತ್ರದಲ್ಲಿ ಸಹಿ, ಮೊಹರು ಎಲ್ಲ ಬಿದ್ದಿದೆ. ಸಹಿ ಬಿದ್ದ ಮೇಲೆ ಯಾರು ಹೆಸರು ಬದಲಿಸಿದರೂ ಆ ಕಡೆಗೆ ಒಂದೇ ರೀತಿ ಕಾಣುತ್ತದೆ. ಹೆಸರಿನ ಜಾಗ ಖಾಲಿ ಇರುವ, ಸಹಿ ಇಲ್ಲದ ಮೂಲ ಕಡತ ಕೊಡಿ. ಅದಕ್ಕೆ ಎಐ ಕೂಡ ಬೇಡ, ವರ್ಡ್‌ನಲ್ಲಿ ಹೆಸರುಗಳ ಪಟ್ಟಿ ಜೋಡಿಸಿದರೆ ಮೂವತ್ತೂ ಪತ್ರ ತಾನಾಗಿ ಬರುತ್ತವೆ. ಅಧ್ಯಕ್ಷರಿಗೆ ಮೂವತ್ತು ಸಹಿ ಹಾಕುವ ಶ್ರಮ ಕೊಡಿ, ಮಕ್ಕಳಿಗೂ ಶಾಯಿಯ ಸಹಿ ನೋಡಿದರೆ ಖುಷಿ.

ಕೆರೆಕೋಡಿ
ಪರಿಶೀಲಕಿ ಅವರೇ, ನಿಮ್ಮ ಮಾತು ಅರ್ಥವಾಯಿತು, ಆದರೂ ಹೊಟ್ಟೆಯೊಳಗೆ ಇಳಿಯುತ್ತಿಲ್ಲ. ಒಂದು `A` ತೆಗೆದರೆ ಯಾರಿಗೆ ನಷ್ಟ? ನಿಜಕ್ಕೂ ಯಾರಾದರೂ ಇದನ್ನು ಹಿಡಿಯುತ್ತಾರೆಯೇ?

ಪರಿಶೀಲಕಿ
ಹಿಡಿಯುತ್ತಾರೆ. ನಾನೇ ಹಿಡಿದ ಒಂದನ್ನು ಹೇಳುತ್ತೇನೆ, ಗುರುತು ಸಿಗದಂತೆ.

ಒಬ್ಬ ಹುಡುಗಿ. ಅಂಕಪಟ್ಟಿಯಲ್ಲಿ ತಾಯಿಯ ಹೆಸರು `LAXMAMMA` ಎಂದಿತ್ತು, ಬೇರೆ ಎಲ್ಲ ಕಡೆ `Lakshmamma`. ಕಂಪನಿಯ ಅರ್ಜಿಯಲ್ಲಿ ತಾಯಿಯ ಹೆಸರು ತುಂಬುವಾಗ ಹೆದರಿಕೊಂಡಳು. ಯಾರಿಂದಲೋ ಚಿತ್ರದಲ್ಲಿ ತಿದ್ದಿಸಿ ಏರಿಸಿದಳು. ಅಂಕಗಳೆಲ್ಲ ಅವಳವೇ, ಒಳ್ಳೆಯ ಅಂಕಗಳು.

ನಾವು ಮೊದಲು ಮಾಡುವುದು ಚಿತ್ರ ನೋಡುವುದಲ್ಲ. ನೋಂದಣಿ ಸಂಖ್ಯೆ ಮತ್ತು ಪರೀಕ್ಷೆಯ ವರ್ಷ ಹಿಡಿದು ಮೂಲ ದಾಖಲೆ ತರಿಸುವುದು. ಅಭ್ಯರ್ಥಿ ಡಿಜಿಲಾಕರ್‌ನಿಂದ ಹಂಚಿಕೊಂಡರೆ ಅದೇ ಮೂಲ, ಇಲ್ಲವಾದರೆ ಮಂಡಳಿಯನ್ನೇ ಕೇಳುತ್ತೇವೆ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸುತ್ತೇವೆ. ಅಭ್ಯರ್ಥಿ, ತಂದೆ, ತಾಯಿ, ಹುಟ್ಟಿದ ದಿನ, ವಿಷಯವಾರು ಅಂಕ, ಅಕ್ಷರದಲ್ಲಿ ಬರೆದ ಒಟ್ಟು. ಅವಳದ್ದರಲ್ಲಿ ತಾಯಿಯ ಹೆಸರು ಹೊಂದಲಿಲ್ಲ. ಆಗ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಾಗದದ ಹಿನ್ನೆಲೆಯಲ್ಲಿ ತೆಳುವಾದ ಗೆರೆಗಳ ವಿನ್ಯಾಸ ಇರುತ್ತದಲ್ಲ, ಆ ಹೆಸರಿನ ಕೆಳಗೆ ಮಾತ್ರ ಗೆರೆಗಳು ಕಡಿದು ಹೋಗಿದ್ದವು. ಉಳಿದ ಅಕ್ಷರಗಳ ಅಂಚು ಸ್ಕ್ಯಾನ್‌ನಲ್ಲಿ ಹೇಗೆ ಸ್ವಲ್ಪ ಚದುರಿದಂತೆ ಇರುತ್ತದೆಯೋ ಹಾಗೆ ಇತ್ತು, ಈ ಒಂದು ಹೆಸರು ಮಾತ್ರ ಚಾಕುವಿನಲ್ಲಿ ಕೊರೆದಷ್ಟು ಚೊಕ್ಕ.

ವರದಿಯಲ್ಲಿ ಮೂರು ಬಣ್ಣ ಹಾಕುತ್ತೇವೆ. ಹೊಂದಿದರೆ ಹಸಿರು, ವಿವರಣೆ ಬೇಕಾದ ಸಣ್ಣ ವ್ಯತ್ಯಾಸಕ್ಕೆ ಹಳದಿ, ತಿದ್ದಿದ ದಾಖಲೆಗೆ ಕೆಂಪು. ಅವಳು ಅಂಕಪಟ್ಟಿಯನ್ನು ಇದ್ದ ಹಾಗೆಯೇ ಏರಿಸಿದ್ದರೆ ಹಳದಿ ಹಾಕಿ, "ಎರಡೂ ಹೆಸರು ಒಬ್ಬರದ್ದೇ" ಎಂಬ ನೋಟರಿ ಅಫಿಡವಿಟ್ ತರಿಸಿ ಮುಗಿಸುತ್ತಿದ್ದೆವು. ಕೆಂಪು ಹಾಕಬೇಕಾಯಿತು. ಕೆಲಸದ ಆಹ್ವಾನ ಹಿಂದಕ್ಕೆ ಹೋಯಿತು. ತಾಯಿಯ ಹೆಸರು ಬದಲಿಸಿ ಅವಳಿಗೆ ಏನು ಲಾಭ ಎಂದು ಕಂಪನಿಯವರು ಕೇಳಲಿಲ್ಲ. ಒಂದು ಜಾಗ ತಿದ್ದಿದವರು ಇನ್ನೆಲ್ಲಿ ತಿದ್ದಿದ್ದಾರೋ ಎಂದರು. ಆ ವರದಿಗೆ ಸಹಿ ಹಾಕಿದ ದಿನ ನನಗೂ ಊಟ ಸೇರಲಿಲ್ಲ.

ವಕೀಲರ ಗುಮಾಸ್ತ
ಕಾನೂನಿನ ಕಡೆಯಿಂದ ಒಂದೆರಡು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖೋಟಾ ದಾಖಲೆಯ ಕಲಮುಗಳು 335ರ ಸುತ್ತಮುತ್ತ ಇವೆ. 335 ಸುಳ್ಳು ದಾಖಲೆ ಎಂದರೇನು ಎಂದು ಹೇಳುತ್ತದೆ. ವಿದ್ಯುನ್ಮಾನ ದಾಖಲೆಯೂ ಅದರಲ್ಲಿ ಸೇರಿದೆ, ಆದ್ದರಿಂದ "ಕಾಗದ ಮುಟ್ಟಲಿಲ್ಲ, ಚಿತ್ರ ಮಾತ್ರ" ಎನ್ನುವುದು ರಕ್ಷಣೆಯಲ್ಲ. 337ನೇ ಕಲಮಿನಲ್ಲಿ ಆಧಾರ್ ಮತ್ತು ಮತದಾರರ ಗುರುತಿನ ಚೀಟಿಯ ಹೆಸರನ್ನೇ ಬರೆದಿದ್ದಾರೆ, ಏಳು ವರ್ಷದವರೆಗೆ ಶಿಕ್ಷೆ. ತಿದ್ದಿದವರು ಯಾರೇ ಆಗಿರಲಿ, ಖೋಟಾ ಎಂದು ತಿಳಿದೂ ಅದನ್ನು ಅಸಲಿ ಎಂದು ಬಳಸುವುದು ಬೇರೆಯೇ ಅಪರಾಧ, ಅದು 340.

ಆದರೆ ಕೆರೆಕೋಡಿ ಅವರ ಸಿಟ್ಟಿನಲ್ಲಿ ಒಂದು ನ್ಯಾಯವಿದೆ. ಕಲಮಿನಲ್ಲಿ "ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ" ಎಂಬ ಮಾತಿದೆ. ಉದ್ದೇಶವಿಲ್ಲದೆ ಅಪರಾಧವಿಲ್ಲ. ನಿಜವಾದ ಹೆಸರನ್ನೇ ಹಾಕಿದವನಲ್ಲಿ ಮೋಸದ ಉದ್ದೇಶ ಇತ್ತೇ ಎಂಬುದನ್ನು ನ್ಯಾಯಾಲಯದಲ್ಲಿ ಒಂದು ದಿನ ಪೂರ್ತಿ ವಾದಿಸಬಹುದು, ಗೆಲ್ಲಲೂಬಹುದು. ಆ ಉದ್ದೇಶವನ್ನು ತೂಗುವುದಕ್ಕೆ ನ್ಯಾಯಾಧೀಶರ ಮುಂದೆ ಸಾಕ್ಷಿ ಇರುತ್ತದೆ. ತಂತ್ರಾಂಶದ ಮುಂದೆ ಒಂದು ಚಿತ್ರ, ಒಂದು ಸಾಲು.

ಮಳೆಗಾಲ
ನಾನು ಯಾವ ಅಕ್ಷರವನ್ನೂ ಬದಲಿಸಿ ಎಂದು ಕೇಳಲಿಲ್ಲ. ಅಪ್ಪನ 1978ರ ಅಂಕಪಟ್ಟಿ ಅಟ್ಟದ ಮೇಲೆ ನೆನೆದು ಕಲೆಯಾಗಿದೆ. ಅವರು ತೀರಿಕೊಂಡು ಆರು ವರ್ಷ. ಮನೆಯಲ್ಲಿ ಚೌಕಟ್ಟು ಹಾಕಿಸಿ ಇಡೋಣ ಎಂದು ಕಲೆ ತೆಗೆದುಕೊಡು ಎಂದರೆ ಅದಕ್ಕೂ ನಿರಾಕರಣೆ. ಸತ್ತವರ ಹಳೆಯ ಅಂಕಪಟ್ಟಿ ಇಟ್ಟುಕೊಂಡು ಯಾವ ಕೆಲಸಕ್ಕೆ ಅರ್ಜಿ ಹಾಕಲಿ? ಇಲ್ಲಿ ಎಲ್ಲರೂ ತಾಣದ ಪರವಾಗಿಯೇ ಮಾತನಾಡುತ್ತಿದ್ದೀರಿ. ಇದು ಅತಿಯಾಯಿತು.

ಪರಿಶೀಲಕಿ
ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬಲ್ಲೆ. ಎಐ ತಾಣ ಕಲೆ "ತೆಗೆಯುವುದಿಲ್ಲ". ಕಲೆಯ ಕೆಳಗೆ ಏನಿದ್ದಿರಬಹುದು ಎಂದು ಊಹಿಸಿ ಹೊಸದಾಗಿ ಬರೆಯುತ್ತದೆ, ಎಷ್ಟೋ ಸಲ ಇಡೀ ಪುಟವನ್ನೇ ಮತ್ತೆ ಚಿತ್ರಿಸುತ್ತದೆ. ಗಣಿತದಲ್ಲಿ 61 ಇದ್ದದ್ದು 67 ಆದರೆ ನಿಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ. ಎಐ ಬರುವ ಮೊದಲೇ ಇಂಥದ್ದು ನಡೆದಿದೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯವರು, ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇರುವ ಕಡೆ 8 ಕೂರಿಸುತ್ತಿವೆ ಎಂದು ತೋರಿಸಿದರು. ಗಾತ್ರ ಇಳಿಸಲು ಯಂತ್ರ ಒಂದೇ ರೀತಿ ಕಾಣುವ ಅಂಕಿಗಳನ್ನೆಲ್ಲ ಒಂದೇ ಅಚ್ಚಿನಿಂದ ತುಂಬುತ್ತಿತ್ತು. ಕಟ್ಟಡದ ನಕ್ಷೆಯಲ್ಲಿ ಕೋಣೆಗಳ ಅಳತೆಯೇ ಬದಲಾಗಿತ್ತು. ಅಲ್ಲಿ ಮೋಸ ಮಾಡಿದವರು ಯಾರೂ ಇರಲಿಲ್ಲ.

ಮಳೆಗಾಲ
ಅಪ್ಪನಿಗೆ ಗಣಿತದಲ್ಲಿ ಎಷ್ಟು ಬಂದಿತ್ತು ಎಂದು ಮನೆಯವರಿಗೆಲ್ಲ ಬಾಯಿಪಾಠ, ನಮಗೆ ಬೈಯುವಾಗಲೆಲ್ಲ ಹೇಳುತ್ತಿದ್ದರು. ಅಂಕಿ ತಪ್ಪಿದರೆ ನನಗೇ ಗೊತ್ತಾಗುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೂ ಕಂಪನಿಗೆ ಕೊಡುವ ದಾಖಲೆಗೂ ವ್ಯತ್ಯಾಸ ತಿಳಿಯದ ತಾಣವನ್ನು ನಾನು ಬುದ್ಧಿವಂತ ಎನ್ನುವುದಿಲ್ಲ.

ಜೆರಾಕ್ಸ್ ಅಂಗಡಿ
ಮಳೆಗಾಲ ಅವರೇ, ಒಳ್ಳೆಯ ಫೋಟೋ ಸ್ಟುಡಿಯೋದವರ ಹತ್ತಿರ ಕೊಡಿ. ಹಿನ್ನೆಲೆಯ ಕಂದು ಬಣ್ಣವನ್ನಷ್ಟೇ ತಿಳಿ ಮಾಡಿ ಅಕ್ಷರ ಮುಟ್ಟದೆ ಮಾಡಿಕೊಡುತ್ತಾರೆ. ಅಂಚಿಗೆ ಕಲೆ ಸ್ವಲ್ಪ ಉಳಿದರೆ ಉಳಿಯಲಿ.

ಮ್ಯೂನಿಕ್ ಮಂಜು
ನಾನು ಓದಲು ಬಂದಾಗ ನನಗೂ ಇದೇ ಅ-ಕಾರದ ಕಾಟ. ಕನ್ನಡದಲ್ಲಿ ಮಂಜುನಾಥ ಎಂದು ಬರೆದದ್ದನ್ನು ಒಬ್ಬ ಗುಮಾಸ್ತರು `Manjunatha` ಎನ್ನುತ್ತಾರೆ, ಇನ್ನೊಬ್ಬರು `Manjunath` ಎನ್ನುತ್ತಾರೆ, ಪಾಸ್‌ಪೋರ್ಟ್‌ನವರು ಇನಿಷಿಯಲ್ ಬಿಡಿಸಿ ಬರೆಯಿರಿ ಎನ್ನುತ್ತಾರೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಗೆ ಬರಲು ಎಪಿಎಸ್ ಪ್ರಮಾಣಪತ್ರ ಬೇಕು, ಅಲ್ಲಿ ನಮ್ಮ ಶೈಕ್ಷಣಿಕ ದಾಖಲೆಗಳು ಅಸಲಿಯೇ ಎಂದು ನೋಡುತ್ತಾರೆ. ನಾನು ಎಲ್ಲವನ್ನೂ ಇದ್ದ ಹಾಗೆಯೇ ಕೊಟ್ಟು, ಜೊತೆಗೆ ಅಫಿಡವಿಟ್ ಇಟ್ಟೆ. ಸಮಸ್ಯೆ ಆಗಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಕೆರೆಕೋಡಿ
ಸರಿ, ಚಿತ್ರ ತಿದ್ದುವ ಯೋಚನೆ ಬಿಟ್ಟೆ. ಅಂಕಪಟ್ಟಿಯನ್ನೇ ಮಂಡಳಿಯಲ್ಲಿ ತಿದ್ದಿಸಬೇಕೇ? ಎಷ್ಟು ದಿನ ಹಿಡಿಯುತ್ತದೆ? ಅವನು ಸೇರಬೇಕಾದದ್ದು ಮುಂದಿನ ತಿಂಗಳು.

ವಕೀಲರ ಗುಮಾಸ್ತ
ಮೊದಲು ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್‌ನಲ್ಲಿ ಹೆಸರು ಹೇಗಿದೆ ನೋಡಿ. ಅಂಕಪಟ್ಟಿಯ ಬೇರು ಅಲ್ಲಿದೆ. ರಿಜಿಸ್ಟರ್‌ನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಅದು ಬರೆದುಕೊಳ್ಳುವಾಗ ಆದ ತಪ್ಪು, ಮುಖ್ಯೋಪಾಧ್ಯಾಯರ ಮೂಲಕ ಪ್ರಸ್ತಾವನೆ ಕಳಿಸಿ ಮಂಡಳಿಯಲ್ಲಿ ಸರಿಪಡಿಸಿಕೊಳ್ಳಬಹುದು. ರಿಜಿಸ್ಟರ್‌ನಲ್ಲೂ ಚಂದ್ರಶೇಖರ ಎಂದೇ ಇದ್ದರೆ ಅಂಕಪಟ್ಟಿಯಲ್ಲಿ ತಪ್ಪೇ ಇಲ್ಲ, ಗುಂಪು ಬಿಟ್ಟು ನಿಂತಿರುವುದು ಆಧಾರ್. ಆಗ ಆಧಾರ್ ಸರಿಪಡಿಸಿ. ಅದು ಹೆಚ್ಚು ಸುಲಭ. ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು, ಅದೊಂದು ನೆನಪಿರಲಿ. ಪ್ಯಾನ್ ಅಥವಾ ಪಾಸ್‌ಪೋರ್ಟ್‌ನಲ್ಲಿ ಅಂಕಪಟ್ಟಿಯಂತೆಯೇ ಇದ್ದರೆ ಅದನ್ನು ಆಧಾರವಾಗಿ ತೋರಿಸಬಹುದು.

ಪರಿಶೀಲಕಿ
ಅಲ್ಲಿಯವರೆಗೆ ಕಂಪನಿಗೆ ಎರಡನ್ನೂ ಇದ್ದ ಹಾಗೆ ಏರಿಸಿ, ವ್ಯತ್ಯಾಸ ಇದೆ ಎಂದು ನೀವೇ ಮೊದಲು ಪತ್ರ ಬರೆಯಿರಿ. ನಾವು ಕಂಡುಹಿಡಿಯುವ ಮೊದಲೇ ಅಭ್ಯರ್ಥಿಯೇ ಹೇಳಿದ ವ್ಯತ್ಯಾಸಕ್ಕೆ ನಾನಂತೂ ಕೆಂಪು ಹಾಕಿದ ನೆನಪಿಲ್ಲ.

ಅರ್ಧಚಂದ್ರ
ಆಧಾರ್‌ನ ಮೇಲಿನ ಹೆಸರನ್ನಷ್ಟೇ ಚಿತ್ರದಲ್ಲಿ ಬದಲಿಸಿದರೆ? ಅದಕ್ಕೆ ಮಂಡಳಿಯ ಗೊಡವೆಯೇ ಇಲ್ಲವಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಜೆರಾಕ್ಸ್ ಅಂಗಡಿ
ಕಾರ್ಡಿನ ಮೇಲಿನ ಕ್ಯೂಆರ್ ಚೌಕದೊಳಗೆ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ಎಲ್ಲವೂ ಪ್ರಾಧಿಕಾರದ ಸಹಿಯ ಜೊತೆಗೆ ಇದೆ ಸ್ವಾಮಿ. ಅವರದೇ ಆ್ಯಪ್ ಹಿಡಿದರೆ ಹಳೆಯ ಹೆಸರೇ ಬರುತ್ತದೆ. ಚೌಕ ಬದಲಿಸಿದರೆ ಸಹಿ ಹೊಂದುವುದಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳುವವರು ನನ್ನ ಅಂಗಡಿಗೂ ಬರುತ್ತಾರೆ.

ಕೆರೆಕೋಡಿ
ಶಾಲೆಗೆ ಹೋಗಿ ಬಂದೆ. ರಿಜಿಸ್ಟರ್‌ನಲ್ಲಿ ಕನ್ನಡದಲ್ಲಿ "ಚಂದ್ರಶೇಖರ ಎಸ್." ಎಂದು ಅಪ್ಪನೇ ಬರೆಸಿದ್ದಾರೆ. ಪ್ಯಾನ್‌ನಲ್ಲಿಯೂ ಕೊನೆಗೆ `A` ಇದೆ. ತಪ್ಪಿರುವುದು ಆಧಾರ್‌ನಲ್ಲಿ ಎಂದಾಯಿತು, ಸೋಮವಾರಕ್ಕೆ ಕೇಂದ್ರದಲ್ಲಿ ಟೋಕನ್ ಸಿಕ್ಕಿದೆ. ನಾನು ಆ ಅಕ್ಷರ ಅಳಿಸಿಬಿಟ್ಟಿದ್ದರೆ ಸರಿ ಇದ್ದ ದಾಖಲೆಯನ್ನೇ ತಪ್ಪು ಮಾಡುತ್ತಿದ್ದೆ. ಇನ್ನೊಂದು ಅನುಮಾನ: ಪಡಿತರ ಚೀಟಿಯಲ್ಲಿ `Chandrashekhar` ಎಂದು ನಡುವೆ ಒಂದು `h` ಸೇರಿದೆ. ಅದನ್ನೂ ಈಗಲೇ ನೋಡಿಕೊಳ್ಳಬೇಕೇ?

ಅಂಚೆಪೆಟ್ಟಿಗೆ
ಪಡಿತರ ಚೀಟಿಗೆ ಪಾಸ್‌ವರ್ಡ್ ಇರುವುದಿಲ್ಲ.